ಜೇನು ಬಾಟ್ಲಿಯ ಹಿಂದೆ ಒಂದು ಬಲ್ಬು

ನಾವು ಆನ್‌ಲೈನ್‌ನಲ್ಲಿ ಮಾರುವುದು ಮೂರೇ ಸಾಮಾನು. ಜೇನು, ಕಾಚಂಪುಳಿ, ಕರಿಮೆಣಸು. ಮನೆ ಮಡಿಕೇರಿಯಿಂದ ಗಾಳಿಬೀಡಿನ ಕಡೆಗೆ. ಜೇನು ಕೊಡುವವರು ಊರಿನವರೇ. ಸೋಸಿ, ಬಾಟ್ಲಿಗೆ ತುಂಬಿ, ಲೇಬಲ್ ಹಚ್ಚುವುದು ಅತ್ತೆ ಮತ್ತು ನಾನು. ಮೆಣಸು ಒಂದು ಮಟ್ಟಿಗೆ ಹೋಗುತ್ತಿತ್ತು. ಜೇನು ಮಾತ್ರ ಇಟ್ಟಲ್ಲೇ ಇತ್ತು.

ಮಾರುವವರ ಪುಟದಲ್ಲಿ ಎಷ್ಟು ಜನ ಸಾಮಾನಿನ ಪುಟ ತೆರೆದರು, ಎಷ್ಟು ಜನ ಕೊಂಡರು ಅಂತ ನೋಡಬಹುದು. ಜೇನಿನ ಪುಟ ತೆರೆಯುವವರೇ ಕಡಿಮೆ. ತೆರೆದವರಲ್ಲೂ ಕೆಲವರು ಪ್ರಶ್ನೆ ಹಾಕಿ ಹೊರಟುಬಿಡುತ್ತಿದ್ದರು. ಅದರಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತಿತ್ತು: "ಇದು ಜೋನಿಬೆಲ್ಲವಾ?"

ಫೋಟೋ ನೋಡಿದರೆ ಅವರು ಕೇಳಿದ್ದರಲ್ಲಿ ತಪ್ಪೇನಿಲ್ಲ. ಜಗಲಿಯ ಮೇಜಿನ ಮೇಲೆ ಬಾಟ್ಲಿ ಇಟ್ಟು, ಎದುರಿಂದ ತೆಗೆದ ಫೋಟೋ ಅದು. ಹಿಂದೆ ಮರದ ಬಾಗಿಲು. ಬಾಟ್ಲಿಯೊಳಗೆ ಇರುವುದು ಕಪ್ಪು. ಮುಚ್ಚಳ ಹೊಳೆಯುತ್ತಿದೆ, ಜೇನು ಸತ್ತಿದೆ.

ನಮ್ಮ ಮನೆಯ ಮದುವೆಗಳಿಗೆಲ್ಲ ಫೋಟೋ ತೆಗೆಯುವ ಸ್ಟುಡಿಯೋದ ಹುಡುಗ ಒಬ್ಬ ಇದ್ದಾನೆ. ಅವನಿಗೆ ಆ ಫೋಟೋ ಕಳಿಸಿ ಎಂಥ ಲೈಟು ತಗೋಬೇಕು ಅಂತ ಕೇಳಿದೆ. ಅವನು ಫೋನ್ ಮಾಡಿ ಹೇಳಿದ, "ಅಕ್ಕಾ, ಬಾಟ್ಲಿಗೆ ಲೈಟ್ ಹಾಕ್ಬೇಡಿ. ಬಾಟ್ಲಿ ಹಿಂದಿನ ಗೋಡೆಗೆ ಹಾಕಿ. ಗೋಡೆ ಬೆಳಗಿದ್ರೆ ಜೇನು ತಾನಾಗೇ ಬೆಳಗ್ತದೆ."

ನನಗೆ ಬೇಕಾಗಿದ್ದ ಮಾತು ಅದು. ಜೇನು ಬಣ್ಣದ ಗಾಜಿನ ಥರ. ಬೆಳಕು ಅದರೊಳಗೆ ಹಾದು ನಮ್ಮ ಕಣ್ಣಿಗೆ ಬಂದರೆ ಬಣ್ಣ ಕಾಣುತ್ತದೆ. ಎದುರಿಂದ ಬಿದ್ದ ಬೆಳಕು ಒಳಗೆ ಹೋಗಿ ಅಲ್ಲೇ ಕಳೆದುಹೋಗುತ್ತದೆ. ಸ್ವಲ್ಪ ಗಾಜಿನ ಮೇಲಿಂದ ವಾಪಸು ಬಂದು ಬರೀ ಹೊಳಪಾಗಿ ಕಾಣುತ್ತದೆ. ಹಿಂದೆ ಕತ್ತಲ ಬಾಗಿಲಿದ್ದರೆ ನಮಗೆ ಜೇನಿನ ಮೂಲಕ ಕಾಣುವುದು ಆ ಕತ್ತಲೆಯೇ.

ಹಾಗಾದರೆ ಬಾಟ್ಲಿಯನ್ನು ಕಿಟಕಿಗೆ ಅಡ್ಡ ಇಟ್ಟರೆ ಆಯ್ತಲ್ವಾ? ಬಯಲುಸೀಮೆಯಲ್ಲಿ ಆಗಬಹುದು. ನಮ್ಮಲ್ಲಿ ಕಿಟಕಿಯಾಚೆ ಇರುವುದು ಕಾಫಿ ತೋಟ, ಅದರ ಮೇಲೆ ಸಿಲ್ವರ್ ಓಕ್. ಕಿಟಕಿಗೆ ಬರುವ ಬೆಳಕಿನಲ್ಲಿ ಅರ್ಧ ಎಲೆಗಳ ಮೇಲೆ ಬಿದ್ದು ಬಂದದ್ದು. ಕಣ್ಣಿಗೆ ಗೊತ್ತಾಗುವುದಿಲ್ಲ, ಫೋಟೋದಲ್ಲಿ ಬಿಳಿ ಲೇಬಲ್ ಹಸಿರಾಗಿಬಿಡುತ್ತದೆ. ಸಾಲದ್ದಕ್ಕೆ ನಮ್ಮದು ರೆಡ್ ಆಕ್ಸೈಡ್ ನೆಲ. ನೆಲದ ಕೆಂಪು ಬಾಟ್ಲಿಯ ಕೆಳಭಾಗಕ್ಕೆ ಹತ್ತುತ್ತದೆ. ಮೇಲೆ ಹಸಿರು, ಕೆಳಗೆ ಕೆಂಪು ಛಾಯೆ. ಎಡಿಟಿಂಗ್ ಆಪ್‌ನಲ್ಲಿ ಹಸಿರು ತೆಗೆದರೆ ಕೆಂಪು ಇನ್ನೂ ಜಾಸ್ತಿ ಆಗುತ್ತದೆ. ಎರಡನ್ನೂ ಒಟ್ಟಿಗೆ ಸರಿ ಮಾಡುವ ಗುಂಡಿ ಇಲ್ಲ. ಮೇಲಿಂದ ಜೂನ್ ಬಂತೆಂದರೆ ಮಂಜು, ಮಳೆ. ಹನ್ನೊಂದು ಗಂಟೆಗೂ ಮನೆಯೊಳಗೆ ಲೈಟ್ ಹಾಕಿಕೊಂಡೇ ಇರಬೇಕು. ಒಂದು ಫೋಟೋ ತೆಗೆದು ಇನ್ನೊಂದಕ್ಕೆ ಬಾಟ್ಲಿ ಬದಲಿಸುವಷ್ಟರಲ್ಲಿ ಮೋಡ ಬಂದು ಬೆಳಕು ಬೇರೆಯಾಗಿರುತ್ತದೆ.

ಅದಕ್ಕೆ ಕಿಟಕಿಯನ್ನೇ ಬಿಟ್ಟೆ. ಹಿಂದಿನ ಕೋಣೆಯ ಬಾಗಿಲು ಕಿಟಕಿ ಮುಚ್ಚಿ, ನೆಲಕ್ಕೆ ಹಳೆಯ ಬಿಳಿ ಬೆಡ್‌ಶೀಟ್ ಹಾಸಿ, ಅಲ್ಲೇ ಸೆಟ್ ಮಾಡಿದೆ.

ಕೊರಿಯರ್ ಸಾಮಾನು ಬಂದ ದೊಡ್ಡ ರಟ್ಟಿನ ಡಬ್ಬ ಮನೆಯಲ್ಲಿ ಬೇಕಾದಷ್ಟಿತ್ತು. ಒಂದು ಡಬ್ಬದ ಅಗಲದ ಬದಿಯಲ್ಲಿ ಸುಮಾರು ಒಂದೂವರೆ ಅಡಿ ಎತ್ತರದ ಕಿಟಕಿ ಕತ್ತರಿಸಿದೆ. ಅದಕ್ಕೆ ಬಟರ್ ಪೇಪರ್ ಬಿಗಿಯಾಗಿ ಎಳೆದು ಟೇಪ್ ಹಚ್ಚಿದೆ. ಅಡುಗೆಮನೆಯಲ್ಲಿ ಕೇಕಿಗೆ ಬಳಸುತ್ತೇವಲ್ಲ, ಅದೇ ಪೇಪರ್. ಡಬ್ಬದ ಒಳಗೆ, ಪೇಪರಿನಿಂದ ಒಂದು ಮೊಳ ಹಿಂದೆ, ಹೋಲ್ಡರ್‌ನಲ್ಲಿ 12 ವ್ಯಾಟಿನ ಎಲ್‌ಇಡಿ ಬಲ್ಬು. ಹಳೆಯ ಕಾಲದ ತಂತಿ ಬಲ್ಬು ರಟ್ಟಿನ ಡಬ್ಬದೊಳಗೆ ಇಡುವಂತಿಲ್ಲ, ಬಿಸಿಗೆ ಪೇಪರ್ ಹತ್ತಿಕೊಳ್ಳುತ್ತದೆ.

ಬಲ್ಬಿನ ಡಬ್ಬದ ಮೇಲೆ ಎರಡು ವಿಷಯ ನೋಡಿ ತರಬೇಕು. ಒಂದು, ಬೆಳಕಿನ ಬಣ್ಣ. ನಮ್ಮ ಅಂಗಡಿಗಳಲ್ಲಿ ಸಿಗುವ ಬಿಳಿ ಬಲ್ಬುಗಳಲ್ಲಿ ಹೆಚ್ಚಿನವು 6500K, ಕೂಲ್ ಡೇಲೈಟ್ ಅಂತ ಬರೆದಿರುತ್ತದೆ. ಅದೇ ಆಗಬೇಕೆಂದಿಲ್ಲ. ಆದರೆ ಇರುವ ಎಲ್ಲ ಬಲ್ಬುಗಳೂ ಒಂದೇ ಕಂಪನಿಯ, ಒಂದೇ ಬಣ್ಣದವು ಆಗಿರಬೇಕು. ಒಂದು ಹಳದಿ, ಒಂದು ಬಿಳಿ ಆದರೆ ತೋಟದ ಹಸಿರಿನ ಕಥೆಯೇ ಮತ್ತೆ. ಎರಡನೆಯದು, CRI ಅನ್ನುವ ಅಂಕಿ. ಆ ಬೆಳಕಿನಲ್ಲಿ ಬಣ್ಣಗಳು ಎಷ್ಟು ನಿಜವಾಗಿ ಕಾಣುತ್ತವೆ ಅನ್ನುವ ಅಳತೆ ಅದು, ಪೂರ್ತಿ ನೂರು. ಸಾಮಾನ್ಯ ಬಲ್ಬುಗಳಲ್ಲಿ 80ರ ಸುತ್ತ ಇರುತ್ತದೆ. 90 ಸಿಕ್ಕರೆ ಬಿಡಬೇಡಿ. ಕಡಿಮೆ ಅಂಕಿಯ ಬಲ್ಬಿನಲ್ಲಿ ಮೊದಲು ಸೋಲುವುದು ಕೆಂಪು. ಜೇನಿನಲ್ಲಿ ಇರುವುದೇ ಕೆಂಪು ಹಳದಿ ಅಲ್ವಾ.

ಬಲ್ಬು ಪೇಪರಿಗೆ ತೀರಾ ಹತ್ತಿರ ಇದ್ದರೆ ನಡುವೆ ಒಂದು ಬೆಂಕಿಯ ಉಂಡೆ, ಸುತ್ತ ಬೂದು. ದೂರ ಮಾಡಿದಷ್ಟೂ ಬೆಳಕು ಸಮ ಆಗುತ್ತದೆ, ಆದರೆ ಕಡಿಮೆಯೂ ಆಗುತ್ತದೆ. ನಾನು ಎರಡು ಪೇಪರ್ ಹಾಕಿದೆ, ನಡುವೆ ಒಂದು ಇಂಚು ಜಾಗ ಬಿಟ್ಟು. ಹತ್ತಿರದಿಂದಲೂ ಸಮ ಬೆಳಕು ಸಿಕ್ಕಿತು. ಬಾಟ್ಲಿಯನ್ನು ಪೇಪರಿನಿಂದ ಒಂದು ಅಡಿ ಮುಂದೆ ಇಟ್ಟೆ, ಬಡಗಿಯಿಂದ ತಂದ ಬಿಳಿ ಸನ್‌ಮೈಕಾ ತುಂಡಿನ ಮೇಲೆ. ನುಣುಪು ಸನ್‌ಮೈಕಾ ಆದದ್ದರಿಂದ ಹಿಂದಿನ ಪೇಪರಿನ ಬೆಳಕೇ ಅದರಲ್ಲಿ ಪ್ರತಿಫಲಿಸಿ ನೆಲವೂ ಬಿಳಿ ಕಾಣುತ್ತದೆ. ಚಾರ್ಟ್ ಪೇಪರ್ ಹಾಸಿದಾಗ ನೆಲ ಬೂದಾಗಿಯೇ ಉಳಿದಿತ್ತು.

ಲೈಟ್ ಹಾಕಿದೆ. ಜೇನು ಬೆಳಗಿತು, ನಿಜ. ಅತ್ತೆ ಬಂದು ಬಾಗಿಲಲ್ಲೇ ನಿಂತು, "ಇದೇ ಬಣ್ಣ ಕಣೇ, ಬಿಸಿಲಿಗೆ ಹಿಡಿದರೆ ಹೀಗೇ ಕಾಣೋದು" ಅಂದರು. ಆದರೆ ಫೋನಿನಲ್ಲಿ ನೋಡಿದರೆ ಹೊಸ ತಕರಾರುಗಳು.

ಮೊದಲನೆಯದು, ಬಾಟ್ಲಿಯ ನಡುವೆ ಒಂದು ಚೌಕದ ಕತ್ತಲೆ. ಅದು ಹಿಂಬದಿಯ ಲೇಬಲ್. ತೂಕ, ಎಂಆರ್‌ಪಿ, ಲೈಸೆನ್ಸ್ ನಂಬರ್ ಎಲ್ಲ ಇರುವ ಆ ಕಾಗದ ಹಿಂದಿನ ಬೆಳಕಿಗೆ ಪೂರ್ತಿ ಅಡ್ಡ. ಮುಖ್ಯ ಫೋಟೋಗೆ ಹಿಂದಿನ ಲೇಬಲ್ ಇಲ್ಲದ ಒಂದು ಬಾಟ್ಲಿ ಬೇರೆಯೇ ಇಟ್ಟುಕೊಂಡೆ. ಹಿಂದಿನ ಲೇಬಲ್ಲಿಗೆ ಬೇರೆ ಫೋಟೋ, ಓದಲು ಬರುವಷ್ಟು ಹತ್ತಿರದಿಂದ.

ಎರಡನೆಯದು, ಗಾಜಿನ ಅಂಚೇ ಮಾಯ. ಬಾಟ್ಲಿಯ ಕತ್ತು ಮತ್ತು ಭುಜ ಬಿಳಿ ಹಿನ್ನೆಲೆಯಲ್ಲಿ ಕರಗಿಹೋಗಿದ್ದವು, ಮುಚ್ಚಳ ಗಾಳಿಯಲ್ಲಿ ತೇಲುತ್ತಿತ್ತು. ಸ್ಟುಡಿಯೋದವನಿಗೆ ಮತ್ತೆ ಫೋನ್. ಅವನು ಹೇಳಿದ್ದು ಸುಲಭದ ಉಪಾಯ. ಕಪ್ಪು ಚಾರ್ಟ್ ಪೇಪರಿನ ಎರಡು ಪಟ್ಟಿ, ನಾಲ್ಕು ಬೆರಳು ಅಗಲ, ಬಾಟ್ಲಿಗಿಂತ ಎತ್ತರ. ಬಾಟ್ಲಿಯ ಎರಡೂ ಬದಿಗೆ, ಫೋಟೋದ ಚೌಕಟ್ಟಿನಿಂದ ಕೂದಲೆಳೆಯಷ್ಟು ಹೊರಗೆ ನಿಲ್ಲಿಸಬೇಕು. ಗಾಜಿನ ಅಂಚು ಬೆಳಕನ್ನು ಬಗ್ಗಿಸುತ್ತದಲ್ಲ, ಅಲ್ಲಿ ಕಾಣುವುದು ಹಿಂದಿನ ಬಿಳಿಯಲ್ಲ, ಬದಿಯಲ್ಲಿರುವುದು. ಬದಿಯಲ್ಲಿ ಕಪ್ಪಿದ್ದರೆ ಅಂಚಿಗೆ ಪೆನ್ಸಿಲ್‌ನಲ್ಲಿ ಎಳೆದಂತೆ ಸಣ್ಣ ಗೆರೆ ಬರುತ್ತದೆ. ಪಟ್ಟಿ ಸರಿಸುತ್ತಾ ಫೋನಿನ ಪರದೆ ನೋಡಿದೆ. ಹತ್ತಿರ ತಂದಂತೆ ಗೆರೆ ದಪ್ಪ, ದೂರ ಮಾಡಿದಂತೆ ತೆಳು. ಬಾಟ್ಲಿಯ ಆಕಾರ ಅಷ್ಟರಲ್ಲೇ ನಿಂತಿತು. ಹಿಂದಿನ ಬೆಳಗುವ ಪೇಪರ್ ಚೌಕಟ್ಟಿಗಿಂತ ತುಂಬಾ ದೊಡ್ಡದಿದ್ದರೆ ಆಗಲೂ ಅಂಚು ತೊಳೆದುಹೋಗುತ್ತದೆ. ಚೌಕಟ್ಟಿನ ಹೊರಗೆ ಉಳಿದ ಬಿಳಿಯನ್ನು ರಟ್ಟಿನಿಂದ ಮುಚ್ಚಿದೆ.

ಮೂರನೆಯದು ಮುಂದಿನ ಲೇಬಲ್. ಹಿಂದೆ ಮಾತ್ರ ಬೆಳಕಿದ್ದರೆ ಲೇಬಲ್ ನೆರಳಿನಲ್ಲಿ ಇರುತ್ತದೆ. ಎಡಗಡೆ, ಸ್ವಲ್ಪ ಮೇಲಿಂದ, ಇನ್ನೊಂದು ಬಟರ್ ಪೇಪರ್ ಚೌಕಟ್ಟು ಇಟ್ಟು ಅದರ ಹಿಂದೆ 9 ವ್ಯಾಟಿನ ಬಲ್ಬು ಹಾಕಿದೆ. ಬಲಗಡೆ ಒಂದು ಥರ್ಮಾಕೋಲ್ ಹಲಗೆ, ಬೆಳಕು ವಾಪಸು ತಳ್ಳಲಿಕ್ಕೆ. ಬಲ್ಬನ್ನು ಪೇಪರ್ ಇಲ್ಲದೆ ಹಾಗೇ ತೋರಿಸಿದ್ದರೆ ಗಾಜಿನ ಮೇಲೆ ಒಂದು ಚುಕ್ಕೆ ಹೊಳೆಯುತ್ತಿತ್ತು. ಪೇಪರಿನ ಹಿಂದಿದ್ದಾಗ ಅದೇ ಹೊಳಪು ಉದ್ದದ ಒಂದು ಬಿಳಿ ಪಟ್ಟಿಯಾಗಿ ಬಾಟ್ಲಿಯ ಎಡ ಬದಿಗೆ ಇಳಿಯುತ್ತದೆ. ಅದು ಇರಲಿ, ಗಾಜು ಗಾಜಿನಂತೆ ಕಾಣುವುದೇ ಅದರಿಂದ. ಲೇಬಲ್ ಮೇಲೆ ಮಾತ್ರ ಅದು ಹತ್ತಬಾರದು. ಹತ್ತಿದರೆ ಚೌಕಟ್ಟನ್ನು ಇನ್ನಷ್ಟು ಬದಿಗೆ ಒಯ್ಯಬೇಕು.

ಇನ್ನು ಫೋನು. ಬೇರೆ ಕೆಲಸಕ್ಕೆ ಬಳಸುವ ಅದೇ ಫೋನು, ಹೊಸದೇನಲ್ಲ. ಮೊದಲು ಲೆನ್ಸ್ ಒರೆಸಿದೆ. ಇದನ್ನು ಸುಮ್ನೆ ಹೇಳುತ್ತಿಲ್ಲ. ಬೆರಳಿನ ಜಿಡ್ಡು ಇದ್ದರೆ ಹಿಂದಿನ ಬೆಳಕು ಇಡೀ ಫೋಟೋದ ಮೇಲೆ ಮಂಜು ಕವಿಸುತ್ತದೆ. ಮಳೆಗಾಲದಲ್ಲಿ ತಣ್ಣನೆಯ ಕೋಣೆಯಿಂದ ತಂದ ಬಾಟ್ಲಿಗೂ ಹೀಗೇ ಬೆವರು ಬರುತ್ತದೆ. ಸ್ವಲ್ಪ ಹೊತ್ತು ಬಿಟ್ಟು, ಒಣ ಬಟ್ಟೆಯಿಂದ ಒರೆಸಿ, ಆಮೇಲೆ ಕತ್ತು ಹಿಡಿಯದೆ ಮುಚ್ಚಳ ಹಿಡಿದೇ ಎತ್ತಿಡಬೇಕು. ಬೆರಳಚ್ಚು ಹಿಂದಿನ ಬೆಳಕಿನಲ್ಲಿ ಪೊಲೀಸರಿಗೆ ಕೊಡುವಷ್ಟು ಸ್ಪಷ್ಟ ಕಾಣುತ್ತದೆ.

ಫೋನನ್ನು ಬಾಟ್ಲಿಯ ಹತ್ತಿರ ಒಯ್ದರೆ ಮುಚ್ಚಳ ಉಬ್ಬಿ, ಬುಡ ಸಣ್ಣದಾಗಿ ಕಾಣುತ್ತದೆ. ಅದಕ್ಕೆ ಒಂದು ಮೀಟರ್ ಹಿಂದೆ ನಿಲ್ಲಿಸಿ 2x ಒತ್ತಿದೆ. ಎತ್ತರ ಬಾಟ್ಲಿಯ ನಡುಮಟ್ಟಕ್ಕೆ. ಸ್ಟ್ಯಾಂಡ್ ಇಲ್ಲ, ಕಾಫಿ ಪುಡಿಯ ಡಬ್ಬಗಳ ಮೇಲೆ ಫೋನು, ಹಿಂದಿನಿಂದ ಒಂದು ಅಕ್ಕಿ ಚೀಲ ಒರಗು. ಕೈ ತಾಗಿ ಅಲುಗದಂತೆ 3 ಸೆಕೆಂಡಿನ ಟೈಮರ್. ದೂರದಿಂದ ತೆಗೆದರೆ ಫೋಟೋ ಸಣ್ಣದಾಗುತ್ತದೆ ಅನ್ನುವ ಹೆದರಿಕೆ ಬೇಡ. 12 ಮೆಗಾಪಿಕ್ಸೆಲ್ ಫೋಟೋದ ಉದ್ದ 4000 ಪಿಕ್ಸೆಲ್. ಬಾಟ್ಲಿ ಅದರಲ್ಲಿ ಅರ್ಧ ತುಂಬಿದರೂ, ಸುತ್ತಲಿನ ಖಾಲಿ ಜಾಗ ಕತ್ತರಿಸಿದ ಮೇಲೆ 2000 ಉಳಿಯುತ್ತದೆ. ಅಮೆಜಾನ್‌ನಲ್ಲಿ ಗಿರಾಕಿ ಬೆರಳಿನಿಂದ ಹಿಗ್ಗಿಸಿ ನೋಡಬೇಕಾದರೆ ಉದ್ದದ ಬದಿ 1000 ಇದ್ದರೆ ಸಾಕು.

ಫೋಟೋ ತೆಗೆದಾಗ ಅಡ್ಡಡ್ಡ ಮಬ್ಬು ಪಟ್ಟೆಗಳು ಕಂಡವು. ನಮ್ಮ ಮಳೆಗಾಲದ ವೋಲ್ಟೇಜ್ ಅಂತ ಮೊದಲು ಬೈದುಕೊಂಡೆ, ಆದರೆ ಕಾರಣ ಬೇರೆ. ಮನೆಯ ಕರೆಂಟು ಸೆಕೆಂಡಿಗೆ 50 ಸುತ್ತು. ಅದಕ್ಕೆ ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಫೋನು ಫೋಟೋವನ್ನು ಮೇಲಿಂದ ಕೆಳಕ್ಕೆ ಸಾಲುಸಾಲಾಗಿ ಓದುತ್ತದೆ. ಶಟರ್ ತುಂಬಾ ಚುರುಕಾಗಿದ್ದರೆ ಕೆಲವು ಸಾಲಿಗೆ ಬೆಳಕು, ಕೆಲವಕ್ಕೆ ಕತ್ತಲೆ. ಪ್ರೊ ಮೋಡ್‌ಗೆ ಹೋಗಿ ಶಟರ್ ಸೆಕೆಂಡಿನ 1/50 ಇಟ್ಟೆ, ಬೆಳಕಿಗೆ ಫೋನು ಎಷ್ಟು ಸ್ಪಂದಿಸಬೇಕು ಅನ್ನುವ ISO 100. ಪಟ್ಟೆ ಹೋಯಿತು. 1/100 ಇಟ್ಟರೂ ಆಗುತ್ತದೆ. ಬೆಳಕು ಜಾಸ್ತಿ ಅನಿಸಿದರೆ ಶಟರ್ ಮುಟ್ಟದೆ ISO ಇಳಿಸಬೇಕು, ಇಲ್ಲವೇ ಬಲ್ಬು ಹಿಂದಕ್ಕೆ ಸರಿಸಬೇಕು. ಅದೇ ಮೋಡ್‌ನಲ್ಲಿ ಬಿಳಿಯನ್ನು ಬಿಳಿಯಾಗೇ ತೋರಿಸುವ ವೈಟ್ ಬ್ಯಾಲೆನ್ಸನ್ನು ಬಲ್ಬಿನ ಅಂಕಿಗೆ, ಅಂದರೆ 6500ಕ್ಕೆ ಕಟ್ಟಿಹಾಕಿದೆ. ಆಟೋದಲ್ಲಿ ಬಿಟ್ಟರೆ ಫೋನು ಜೇನಿನ ಹಳದಿ ನೋಡಿ ಇಡೀ ಫೋಟೋವನ್ನು ನೀಲಿ ಕಡೆಗೆ ತಳ್ಳುತ್ತದೆ. ಊಟ ಗುರುತಿಸಿ ಬಣ್ಣ ಏರಿಸುವ ಸೌಲಭ್ಯ ಇದ್ದರೆ ಅದನ್ನೂ ಬಂದ್ ಮಾಡಬೇಕು.

ಬಾಟ್ಲಿಗೆ ತುಂಬಿದ ಜೇನಿನದೂ ಒಂದು ಮಾತು ಇದೆ. ಮಡಿಕೇರಿಯ ಚಳಿಗೆ ಜೇನು ತಳದಲ್ಲಿ ಹರಳುಗಟ್ಟುತ್ತದೆ. ಅದು ಕೆಟ್ಟದ್ದಲ್ಲ, ಆದರೆ ಹಿಂದಿನ ಬೆಳಕಿನಲ್ಲಿ ಕೊಳಕಿನಂತೆ ಕಾಣುತ್ತದೆ. ಬಾಟ್ಲಿಯನ್ನು ಉಗುರುಬಿಸಿ ನೀರಿನಲ್ಲಿ, ಕೈ ತಡೆಯುವಷ್ಟು ಬಿಸಿಯಲ್ಲಿ ಇಟ್ಟರೆ ಕರಗುತ್ತದೆ. ಕುದಿಯುವ ನೀರಿಗೆ ಹಾಕಿದರೆ ಜೇನಿನ ಪರಿಮಳವೇ ಹೋಗುತ್ತದೆ. ತುಂಬಿದ ಕೂಡಲೇ ಫೋಟೋ ತೆಗೆಯಲೂಬಾರದು. ಒಂದು ರಾತ್ರಿ ಬಿಟ್ಟರೆ ಗುಳ್ಳೆಗಳು ಮೇಲೆ ಬರುತ್ತವೆ, ಚಮಚದಲ್ಲಿ ನೊರೆ ತೆಗೆದು ಮತ್ತೆ ಮುಚ್ಚಬಹುದು.

ಇಷ್ಟಾದ ಮೇಲೆ ಬಂದ ಫೋಟೋ ಚೆನ್ನಾಗಿತ್ತು. ಬಹಳ ಚೆನ್ನಾಗಿತ್ತು ಅನ್ನುವುದೇ ತೊಂದರೆ. ನಮ್ಮದು ಕಾಡಂಚಿನ ತುಡುವೆ ಜೇನು, ಕೈಯಲ್ಲಿ ಹಿಡಿದರೆ ದಟ್ಟ ಕಂದು. ಫೋಟೋದಲ್ಲಿ ಅದು ತಿಳಿ ಹೊನ್ನಿನ ಬಣ್ಣಕ್ಕೆ ಬಂದಿತ್ತು. ಈ ಫೋಟೋ ನೋಡಿ ಕೊಂಡವರು ಡಬ್ಬ ಬಿಚ್ಚಿದಾಗ ಏನಂತಾರೆ? ಮೋಸ ಅಂತಾರೆ. ಹಿಂದಿನ ಬಲ್ಬು ಮಂದ ಮಾಡಿದರೆ ಹಿನ್ನೆಲೆಯ ಬಿಳಿ ಬೂದಾಗುತ್ತದೆ. ಹಿನ್ನೆಲೆ ಹಾಗೇ ಇರಬೇಕು, ಜೇನು ಮಾತ್ರ ದಟ್ಟವಾಗಬೇಕು. ಅದಕ್ಕೆ ಬಟರ್ ಪೇಪರನ್ನೇ ಎರಡು ಪದರ ಮಡಚಿ, ಬಾಟ್ಲಿಯ ಆಕಾರಕ್ಕೆ, ಅದಕ್ಕಿಂತ ಸ್ವಲ್ಪ ಸಣ್ಣದಾಗಿ ಕತ್ತರಿಸಿ, ಬಾಟ್ಲಿಯ ಬೆನ್ನಿಗೆ ತಾಗಿಸಿ ನಿಲ್ಲಿಸಿದೆ. ಎದುರಿಂದ ಅದು ಕಾಣುವುದಿಲ್ಲ. ಜೇನಿಗೆ ಬರುವ ಬೆಳಕು ಮಾತ್ರ ಕಡಿಮೆಯಾಯಿತು. ಬಾಟ್ಲಿಯನ್ನು ಹೊರಗೆ ಒಯ್ದು, ಮೋಡದ ಬೆಳಕಿನಲ್ಲಿ ಕೈಯಲ್ಲಿ ಹಿಡಿದು, ಪಕ್ಕದಲ್ಲಿ ಫೋನು ಹಿಡಿದು ಹೋಲಿಸಿದೆ. ಅತ್ತೆ "ಈಗ ಸರಿ" ಅನ್ನುವವರೆಗೆ ಪದರ ಹಾಕಿ ತೆಗೆದು ಮಾಡಿದೆವು. ಅವರ ಕಣ್ಣಿಗಿಂತ ಒಳ್ಳೆಯ ಮೀಟರ್ ನಮ್ಮನೆಯಲ್ಲಿಲ್ಲ.

ಹಿನ್ನೆಲೆ ಪೂರ್ತಿ ಬಿಳಿ ಬೇಕು ಅನ್ನುವುದು ನನ್ನ ಹಠ ಅಲ್ಲ. ಅಮೆಜಾನ್‌ನಲ್ಲಿ ಮೊದಲ ಫೋಟೋದ ಹಿನ್ನೆಲೆ ಅಪ್ಪಟ ಬಿಳಿ, ಅಂದರೆ ಕೆಂಪು, ಹಸಿರು, ನೀಲಿ ಮೂರೂ 255 ಇರಬೇಕು. ಸಾಮಾನು ಚೌಕಟ್ಟಿನ 85 ಶೇಕಡಾ ತುಂಬಬೇಕು. ಅದರ ಮೇಲೆ ಬರಹ, ಲೋಗೋ, ಅಲಂಕಾರದ ಸಾಮಾನು ಇರಬಾರದು. ಪಕ್ಕದಲ್ಲಿ ಮೆಣಸಿನ ಬಳ್ಳಿ ಇಡುವ ಆಸೆ ಇದ್ದರೆ ಎರಡನೇ ಫೋಟೋಗೆ ಇಟ್ಟುಕೊಳ್ಳಿ. ಕಣ್ಣಿಗೆ ಬಿಳಿ ಕಂಡದ್ದು ನಿಜಕ್ಕೂ ಬಿಳಿಯಾ ಅಂತ ತಿಳಿಯಲು ಒಂದು ದಾರಿ ಇದೆ. ಫೋಟೋವನ್ನು ಖಾಲಿ ಬಿಳಿ ಪುಟದ ಮೇಲೆ ಇಟ್ಟು ಪರದೆಯ ಬೆಳಕು ಪೂರ್ತಿ ಏರಿಸಿ. ಫೋಟೋದ ಅಂಚು ಚೌಕವಾಗಿ ಕಂಡರೆ ಅದು ಬೂದು. ಆಗ ಎಡಿಟಿಂಗ್ ಆಪ್ ಆದ ಸ್ನ್ಯಾಪ್‌ಸೀಡ್‌ನ ಕರ್ವ್ಸ್‌ನಲ್ಲಿ ಮೇಲಿನ ಬಲ ತುದಿಯ ಚುಕ್ಕೆಯನ್ನು ಸ್ವಲ್ಪ ಎಡಕ್ಕೆ ಎಳೆದರೆ ಹಿನ್ನೆಲೆ ಬಿಳಿಗೆ ಮುಟ್ಟುತ್ತದೆ. ಜಾಸ್ತಿ ಎಳೆದರೆ ಬಿಳಿ ಲೇಬಲ್ಲಿನ ಅಂಚೂ ಕರಗುತ್ತದೆ, ಅಲ್ಲಿಗೆ ನಿಲ್ಲಿಸಬೇಕು. ಲೇಬಲ್ ಹಿನ್ನೆಲೆಗಿಂತ ಒಂದು ಚೂರು ಮಂಕಾಗಿ ಇದ್ದರೇ ಒಳ್ಳೆಯದು.

ಜೇನಿನ ಫೋಟೋ ಮಾತ್ರ ಮೊದಲು ಬದಲಿಸಿದೆ. ಬೆಲೆ, ಬರಹ ಯಾವುದನ್ನೂ ಮುಟ್ಟಲಿಲ್ಲ, ಇಲ್ಲದಿದ್ದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದಿಲ್ಲ. ಕಾಚಂಪುಳಿಯ ಹಳೆಯ ಫೋಟೋವನ್ನು ಹೋಲಿಕೆಗೆ ಹಾಗೇ ಬಿಟ್ಟೆ. ಜೇನಿನ ಪುಟ ತೆರೆಯುವವರು ಕಣ್ಣಿಗೆ ಕಾಣುವಷ್ಟು ಹೆಚ್ಚಿದರು, ಕಾಚಂಪುಳಿಯದು ಇದ್ದಂತೆ ಇತ್ತು. ಆಗ ಅದನ್ನೂ ಕೈಗೆತ್ತಿಕೊಂಡೆ.

ಕಾಚಂಪುಳಿ ಗೊತ್ತಿಲ್ಲದವರಿಗೆ: ಮಳೆಗಾಲದಲ್ಲಿ ಹಣ್ಣಾಗುವ ಪುಳಿಯ ರಸ ಇಳಿಸಿ, ದಪ್ಪವಾಗುವವರೆಗೆ ಕುದಿಸಿದ ಹುಳಿ. ಪಂದಿಕರಿಗೆ ಅದಿಲ್ಲದೆ ಆಗುವುದಿಲ್ಲ. ಬಣ್ಣ ಕಡುಕಪ್ಪು. ಜೇನಿನ ಉಪಾಯ ಇಲ್ಲಿ ಒಂದೂ ನಡೆಯಲಿಲ್ಲ. ಹಿಂದೆ ಎಷ್ಟು ಬೆಳಕು ಹಾಕಿದರೂ ಒಳಗೆ ಹಾಯುವುದಿಲ್ಲ. ಬಿಳಿ ಹಿನ್ನೆಲೆಯಲ್ಲಿ ಬಾಟ್ಲಿ ಆಕಾರದ ಒಂದು ಕಪ್ಪು ತೂತು. ಕಪ್ಪು ದ್ರವ ತುಂಬಿದ ಗಾಜು ಕನ್ನಡಿಯೇ ಆಗಿಬಿಡುತ್ತದೆ. ಅದರಲ್ಲಿ ನನ್ನ ನೈಟಿಯ ಹೂವು, ಫೋನು, ಅಕ್ಕಿ ಚೀಲ, ಮೇಲಿನ ಟ್ಯೂಬ್‌ಲೈಟ್ ಎಲ್ಲ ಕಂಡವು. ದುಂಡು ಬಾಟ್ಲಿ ಬೇರೆ, ಅದರ ಎದುರಿನ ಹೆಚ್ಚುಕಡಿಮೆ ಇಡೀ ಕೋಣೆ ಅದರಲ್ಲಿ ಇರುತ್ತದೆ.

ಹಾಗಾಗಿ ಇಲ್ಲಿ ಬಾಟ್ಲಿ ಏನನ್ನು ನೋಡಬೇಕು ಅಂತ ನಾವೇ ತೀರ್ಮಾನ ಮಾಡಬೇಕು. ಟ್ಯೂಬ್‌ಲೈಟ್ ಆರಿಸಿದೆ. ಫೋನಿನ ಮುಂದೆ ಕಪ್ಪು ಬಟ್ಟೆ ಇಳಿಬಿಟ್ಟು, ಲೆನ್ಸಿನಷ್ಟು ತೂತು ಮಾಡಿದೆ. ಎದುರು ಭಾಗ ಶುದ್ಧ ಕಪ್ಪಾಯಿತು. ಎರಡೂ ಬದಿಗೆ ಬಟರ್ ಪೇಪರಿನ ಚೌಕಟ್ಟು, ಬಾಟ್ಲಿಗಿಂತ ಎತ್ತರದವು, ಹಿಂದೆ ಬಲ್ಬು. ಈಗ ಬಾಟ್ಲಿಯ ಎಡಬಲದಲ್ಲಿ ಭುಜದಿಂದ ಬುಡದವರೆಗೆ ಎರಡು ಬಿಳಿ ಗೆರೆ. ದುಂಡು ಆಕಾರ ಗೊತ್ತಾಗುವುದೇ ಆ ಗೆರೆಗಳಿಂದ. ಚೌಕಟ್ಟು ಬಾಟ್ಲಿಗಿಂತ ಗಿಡ್ಡ ಇದ್ದರೆ ಗೆರೆ ಅರ್ಧಕ್ಕೇ ತುಂಡಾಗುತ್ತದೆ. ಎರಡೂ ಗೆರೆ ಒಂದೇ ಅಗಲ ಇದ್ದರೆ ಯಾಕೋ ಪ್ಲಾಸ್ಟಿಕ್ ಅನಿಸುತ್ತದೆ. ಬಲಗಡೆಯದನ್ನು ಹಿಂದಕ್ಕೆ ಸರಿಸಿ ಸಪೂರ ಮಾಡಿದೆ. ಕಪ್ಪು ಪಟ್ಟಿ ಇಲ್ಲಿ ಬೇಡ, ಕಪ್ಪಿನ ಮೇಲೆ ಕಪ್ಪು ಅಂಚು ಇದ್ದು ಏನು ಉಪಯೋಗ.

ಆದರೂ ಬಾಟ್ಲಿ ನೋಡಿ ಕಾಚಂಪುಳಿ ಎಂಥದು ಅಂತ ತಿಳಿಯುವುದಿಲ್ಲ. ಅದಕ್ಕೆ ಎರಡನೇ ಫೋಟೋದಲ್ಲಿ ಬಿಳಿ ಪಿಂಗಾಣಿ ಬಟ್ಟಲು. ಅದರಲ್ಲಿ ಒಂದು ಚಮಚ ಹಾಕಿ ಬಟ್ಟಲನ್ನು ಸ್ವಲ್ಪ ಓರೆ ಮಾಡಿದೆ. ದ್ರವ ಸರಿದು, ಪಿಂಗಾಣಿಯ ಮೇಲೆ ತೆಳುವಾಗಿ ಉಳಿದ ಅಂಚಿನಲ್ಲಿ ಕೆಂಪುಕಂದು ಬಣ್ಣ ಕಂಡಿತು. ಎಷ್ಟು ದಪ್ಪ ಇದೆ ಅನ್ನುವುದೂ ಅಲ್ಲೇ ಗೊತ್ತಾಗುತ್ತದೆ. "ಇದು ಸೋಯಾ ಸಾಸಾ?" ಅಂತ ಕೇಳುತ್ತಿದ್ದವರು ಆಮೇಲೆ "ಒಂದು ಕೆ.ಜಿ. ಮಾಂಸಕ್ಕೆ ಎಷ್ಟು ಹಾಕ್ಬೇಕು?" ಅಂತ ಕೇಳತೊಡಗಿದರು. ಮೂರನೇ ಫೋಟೋದಲ್ಲಿ ಬಾಟ್ಲಿ ನನ್ನ ಕೈಯಲ್ಲಿದೆ, ಗಾತ್ರ ತಿಳಿಯಲಿ ಅಂತ. ಬಾಟ್ಲಿ ಸಣ್ಣದು ಅನ್ನುವ ದೂರು ಅದರಿಂದ ಕಡಿಮೆಯಾಯಿತು.

ಮೆಣಸಿನ ಫೋಟೋಗಳನ್ನೂ ಹೊಸದಾಗಿ ತೆಗೆದೆ, ಚೆನ್ನಾಗಿಯೇ ಬಂದವು. ವ್ಯಾಪಾರದಲ್ಲಿ ಏನೂ ಬದಲಾಗಲಿಲ್ಲ. ಮೆಣಸು ಹೇಗಿರುತ್ತದೆ ಅಂತ ಎಲ್ಲರಿಗೂ ಗೊತ್ತು, ಅಲ್ಲಿ ಜನ ನೋಡುವುದು ಕೆ.ಜಿ.ಗೆ ಎಷ್ಟು ಅಂತ. ಸಾಮಾನು ಏನು ಅಂತಲೇ ಗಿರಾಕಿಗೆ ಅನುಮಾನ ಇರುವ ಕಡೆ ಫೋಟೋ ಕೆಲಸ ಮಾಡುತ್ತದೆ. ಜೇನಿನಲ್ಲಿ ಆದದ್ದು ಅದು. ಈಗ ಅತ್ತೆ ವಾರಕ್ಕೊಮ್ಮೆ ಬಾಟ್ಲಿ ತುಂಬಲು ಕೂರುತ್ತಾರೆ, ಮೊದಲು ತಿಂಗಳಿಗೊಮ್ಮೆ ಕೂತರೆ ಜಾಸ್ತಿ.

ಒಂದು ದೂರು ಮಾತ್ರ ಬಂತು. ಕಾಫಿ ಹೂವಿನ ಸಮಯದ ಜೇನು ಬಣ್ಣದಲ್ಲಿ ತಿಳಿ. ಪುಟದಲ್ಲಿದ್ದ ಫೋಟೋದಲ್ಲಿ ದಟ್ಟ. ಒಬ್ಬರು ಸಕ್ಕರೆ ಪಾಕ ಬೆರೆಸಿದ್ದೀರಿ ಅಂತ ಬರೆದರು. ಅಂದಿನಿಂದ ಹೊಸ ಜೇನು ಬಂದಾಗಲೆಲ್ಲ ಹೊಸ ಫೋಟೋ. ಮತ್ತೆ ಮೊದಲಿನಿಂದ ಹುಡುಕಾಡಬಾರದಲ್ಲ, ಅದಕ್ಕೆ ಡಬ್ಬ, ಬಾಟ್ಲಿ, ಚೌಕಟ್ಟು, ಕಾಫಿ ಡಬ್ಬ ಎಲ್ಲ ಎಲ್ಲೆಲ್ಲಿ ಇರಬೇಕು ಅಂತ ಮೇಜಿನ ಮೇಲೆ ಬಣ್ಣದ ಟೇಪ್ ಹಚ್ಚಿದ್ದೇನೆ. ಶಟರ್, ISO ಅಂಕಿಗಳನ್ನೂ ಅಲ್ಲೇ ಬರೆದಿದ್ದೇನೆ. ಸೆಟ್ ಮಾಡಲು ಈಗ ಕಾಫಿ ಕಾಯಿಸುವಷ್ಟು ಹೊತ್ತೂ ಬೇಡ.

ನಮ್ಮ ಹವೆಗೆ ತಾಳದೆ ಇರುವುದು ಬಟರ್ ಪೇಪರ್ ಒಂದೇ. ಜುಲೈಯಲ್ಲಿ ತೇವ ಹೀರಿ ಅಲೆಅಲೆಯಾಗುತ್ತದೆ, ಆ ಅಲೆಗಳು ಗಾಜಿನ ಹೊಳಪಿನಲ್ಲಿ ಹಾಗೇ ಕಾಣುತ್ತವೆ. ಎರಡು ಸಲ ಬದಲಿಸಿ ಬೇಸರ ಬಂತು. ಕುಶಾಲನಗರದಲ್ಲಿ ಬೋರ್ಡ್ ಮಾಡುವ ಅಂಗಡಿಯಲ್ಲಿ ಹಾಲುಬಿಳಿ ಅಕ್ರಿಲಿಕ್ ಹಾಳೆ ಇರುತ್ತದೆ, ಒಳಗೆ ಲೈಟ್ ಹಾಕುವ ಬೋರ್ಡಿಗೆ ಬಳಸುವುದು. ಕತ್ತರಿಸಿ ಉಳಿದ ತುಂಡು ಕೇಳಿದರೆ ಕಡಿಮೆಗೆ ಕೊಡುತ್ತಾರೆ. 3 ಮಿಲಿಮೀಟರಿನದು ತಂದು ಹಿಂದಿನ ಚೌಕಟ್ಟಿಗೆ ಕೂರಿಸಿದೆ. ಪೇಪರಿಗಿಂತ ಬೆಳಕು ಸ್ವಲ್ಪ ಜಾಸ್ತಿ ನುಂಗುತ್ತದೆ, ಅದಕ್ಕೆ ಡಬ್ಬದೊಳಗೆ ಎರಡನೇ ಬಲ್ಬು ಹಾಕಬೇಕಾಯಿತು. ಅದನ್ನು ಒದ್ದೆ ಬಟ್ಟೆಯಲ್ಲಿ ಒರೆಸಬಹುದು, ಅಲೆ ಬರುವುದಿಲ್ಲ. ಬದಿಯ ಎರಡು ಚೌಕಟ್ಟಿಗೆ ಮುಂದಿನ ಸಲ ಆ ಕಡೆ ಹೋದಾಗ ತರುತ್ತೇನೆ.